ಕ್ರೆಡಿಟ್ ಕಾರ್ಡ್ ಬಿಲ್: ಸಾವಿರ ಕಟ್ಟಿದರೂ ಸಾಲ ಏಕೆ ಏರುತ್ತದೆ?

ಮೊದಲ ಬಾರಿಗೆ ಕ್ರೆಡಿಟ್ ಕಾರ್ಡ್ ಪಡೆದವರು ಬಿಲ್ ಬಂದಾಗ ಮೊತ್ತವನ್ನಷ್ಟೇ ನೋಡುತ್ತಾರೆ. ಉಳಿದ ಸಾಲುಗಳನ್ನು ಊಹೆಗೆ ಬಿಡುತ್ತಾರೆ. ಆ ಊಹೆಗಳಲ್ಲಿ ನಾಲ್ಕನ್ನು ಮೇಲಿನಿಂದ ಕೆಳಕ್ಕೆ ಪರೀಕ್ಷಿಸೋಣ.

ತಪ್ಪು ಕಲ್ಪನೆ: ಸ್ಟೇಟ್‌ಮೆಂಟ್ ದಿನಾಂಕವೇ ಹಣ ಕಟ್ಟುವ ಕೊನೆಯ ದಿನ.

ಸತ್ಯ: ಅದು ಆ ತಿಂಗಳ ಲೆಕ್ಕ ಮುಗಿಸಿ ಬಿಲ್ ಸಿದ್ಧಪಡಿಸುವ ದಿನ. ಕಟ್ಟಲು ಕೊನೆಯ ದಿನ ‘ಪೇಮೆಂಟ್ ಡ್ಯೂ ಡೇಟ್’. ನಿಮ್ಮ ಬಿಲ್ ಜುಲೈ 15ಕ್ಕೆ ಸಿದ್ಧವಾಗಿ, ಕೊನೆಯ ದಿನ ಆಗಸ್ಟ್ 4 ಇದೆ ಎನ್ನಿ. ಜುಲೈ 14ರ ಖರೀದಿ ಇದೇ ಬಿಲ್ಲಿಗೆ ಸೇರಿದರೆ ಅದಕ್ಕೆ ಸಿಗುವುದು 21 ದಿನ. ಜುಲೈ 16ರ ಖರೀದಿ ಮುಂದಿನ ಬಿಲ್ಲಿಗೆ ಹೋಗುವುದರಿಂದ ಸುಮಾರು 50 ದಿನ ಸಿಗುತ್ತದೆ.

ತಪ್ಪು ಕಲ್ಪನೆ: ಪಟ್ಟಿಯಲ್ಲಿರುವುದೆಲ್ಲ ಖರ್ಚು, ಎಲ್ಲಕ್ಕೂ ಒಂದೇ ನಿಯಮ.

ಸತ್ಯ: ಮೊತ್ತದ ಪಕ್ಕದಲ್ಲಿ Cr ಎಂದಿದ್ದರೆ ಅದು ನೀವು ಕಟ್ಟಿದ ಹಣ ಅಥವಾ ಹಿಂದಿರುಗಿಸಿದ ವಸ್ತುವಿನ ರೀಫಂಡ್, ಅದನ್ನು ಕಳೆಯಬೇಕು. ಎಟಿಎಂನಲ್ಲಿ ಕಾರ್ಡ್ ಬಳಸಿ ನಗದು ತೆಗೆದಿದ್ದರೆ, ಸಾಮಾನ್ಯವಾಗಿ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ತೆಗೆದ ದಿನದಿಂದಲೇ ಬಡ್ಡಿ ಶುರು, ಶುಲ್ಕ ಬೇರೆ.

ತಪ್ಪು ಕಲ್ಪನೆ: ‘ಮಿನಿಮಮ್ ಅಮೌಂಟ್ ಡ್ಯೂ’ ಕಟ್ಟಿದರೆ ಬಡ್ಡಿ ಬೀಳುವುದಿಲ್ಲ.

ಸತ್ಯ: ಅದು ತಡವಾದುದಕ್ಕೆ ಹಾಕುವ ದಂಡವನ್ನಷ್ಟೇ ತಪ್ಪಿಸುತ್ತದೆ, ಬಡ್ಡಿಯನ್ನಲ್ಲ. ಜೂನ್ 20ರಂದು ₹20,000ದ ಫ್ರಿಜ್ ಕೊಂಡಿರಿ, ಬಡ್ಡಿ ತಿಂಗಳಿಗೆ ಶೇ 3.5, ಮಿನಿಮಮ್ ಮೊತ್ತ ಶೇ 5, ಅಂದರೆ ₹1,000 ಎಂದುಕೊಳ್ಳಿ. ಆಗಸ್ಟ್ 4ರಂದು ಅಷ್ಟನ್ನು ಮಾತ್ರ ಕಟ್ಟಿದಿರಿ. ಬಡ್ಡಿಯನ್ನು ಬಿಲ್ ಬಂದ ದಿನದಿಂದಲ್ಲ, ಕೊಂಡ ದಿನದಿಂದ ಎಣಿಸುತ್ತಾರೆ: ಮೊದಲ 45 ದಿನ ಪೂರ್ತಿ ₹20,000ಕ್ಕೆ, ಆಮೇಲೆ ಆಗಸ್ಟ್ 15ರವರೆಗೆ ₹19,000ಕ್ಕೆ. ಒಟ್ಟು ಸುಮಾರು ₹1,276. ಅದರ ಮೇಲೆ ಶೇ 18 ಜಿಎಸ್‌ಟಿ, ₹230. ಮುಂದಿನ ಬಿಲ್ ಸುಮಾರು ₹20,506! ಸಾವಿರ ಕಟ್ಟಿಯೂ ಸಾಲ ₹506 ಏರಿತು. ಸಾಲದ್ದಕ್ಕೆ, ಬಾಕಿ ತೀರುವ ತನಕ ಹೊಸ ಖರೀದಿಗಳಿಗೂ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ.

ತಪ್ಪು ಕಲ್ಪನೆ: ‘ಟೋಟಲ್ ಅಮೌಂಟ್ ಡ್ಯೂ’ ಎಂದರೆ ಈ ತಿಂಗಳ ಖರೀದಿಗಳ ಮೊತ್ತ.

ಸತ್ಯ: ಹಿಂದಿನ ಬಾಕಿಗೆ ಈ ತಿಂಗಳ ಖರೀದಿ, ಶುಲ್ಕ, ಬಡ್ಡಿ, ತೆರಿಗೆಗಳನ್ನು ಕೂಡಿ, ಅದರಿಂದ Cr ಮೊತ್ತಗಳನ್ನು ಕಳೆದರೆ ಬರುವುದು ಟೋಟಲ್. ಪೆನ್ನು ಹಿಡಿದು ಒಮ್ಮೆ ಕೂಡಿ ನೋಡಿ. ತಾಳೆಯಾಗದಿದ್ದರೆ, ಅಥವಾ ನೀವು ಮಾಡದ ಖರ್ಚು ಕಂಡರೆ, ಕೊನೆಯ ದಿನಕ್ಕೆ ಕಾಯದೆ ಬ್ಯಾಂಕಿಗೆ ದೂರು ಕೊಡಿ.

ಲೆಕ್ಕ ಸರಿಯಿದ್ದರೆ ಡ್ಯೂ ಡೇಟ್ ಒಳಗೆ ಟೋಟಲ್ ಮೊತ್ತವನ್ನು ಪೂರ್ತಿ ಕಟ್ಟಿ. ಖರೀದಿಯ ಮೇಲೆ ಬಡ್ಡಿ ಬೀಳದಿರಲು ಬೇರೆ ದಾರಿಯಿಲ್ಲ.