ಕಾಲೇಜಿಗೆ ಹೊರಟವರ ಮೊದಲ ಗಾಡಿ

ಕಾಲೇಜಿನಲ್ಲಿ ಸೀಟು ಸಿಕ್ಕ ವಾರದಲ್ಲೇ ಬಹಳಷ್ಟು ಮನೆಗಳಲ್ಲಿ ಗಾಡಿಯ ಮಾತು ಏಳುತ್ತದೆ. ಮಗ ಮೊಬೈಲಿನಲ್ಲಿ ಸ್ಪೋರ್ಟ್ಸ್ ಬೈಕಿನ ಚಿತ್ರ ತೋರಿಸುತ್ತಾನೆ. "ಬೈಕ್ ಬೇಡವೇ ಬೇಡ, ಸ್ಕೂಟಿ ಆದರೆ ನೋಡೋಣ" ಎನ್ನುತ್ತಾರೆ ಅಮ್ಮ. "ನೂರು ಸಿಸಿ ಸಾಕು ಕಣೋ, ಮೈಲೇಜೂ ಕೊಡುತ್ತೆ" ಎಂಬುದು ಅಪ್ಪನ ತೀರ್ಪು. ಮೂವರೂ ಜಗ್ಗಾಡುತ್ತಿರುವುದು ಎಂಜಿನ್ನಿನ ಗಾತ್ರದ ಸುತ್ತ. ಹೆತ್ತವರ ಭಯ ನ್ಯಾಯವಾದದ್ದೇ. ಆದರೆ ಸಿಸಿ ಕಡಿಮೆಯಾದರೆ ಅಪಾಯವೂ ಕಡಿಮೆ ಎಂದು ಅಲ್ಲಿಗೇ ಮಾತು ಮುಗಿಸಿಬಿಟ್ಟರೆ, ಬ್ರೇಕು ಯಾವುದು, ಕಾಲು ನೆಲಕ್ಕೆ ಎಟಕುತ್ತದೆಯೇ, ಆರ್‌ಸಿ ಯಾರ ಹೆಸರಿನಲ್ಲಿರಬೇಕು ಎಂಬ ಪ್ರಶ್ನೆಗಳನ್ನು ಯಾರೂ ಕೇಳುವುದೇ ಇಲ್ಲ.

ಉದಾಹರಣೆಗೆ ತುಮಕೂರಿನ ಒಂದು ಮನೆ ಎಂದುಕೊಳ್ಳಿ. ಹುಡುಗನಿಗೆ 17 ವರ್ಷ 8 ತಿಂಗಳು. ಎಂಜಿನಿಯರಿಂಗ್ ಕಾಲೇಜು ಮನೆಯಿಂದ 12 ಕಿಲೋಮೀಟರ್ ದೂರ. ಅದರಲ್ಲಿ 7 ಕಿಲೋಮೀಟರ್ ಊರೊಳಗಿನ ದಾರಿ, ಉಳಿದದ್ದು ಹೆದ್ದಾರಿ. ಅವನ ಮನಸ್ಸು 200 ಸಿಸಿ ಬೈಕಿನ ಮೇಲೆ.

ಮೊದಲು ಇತ್ಯರ್ಥವಾಗಬೇಕಾದದ್ದು ವಯಸ್ಸು. 18 ತುಂಬುವವರೆಗೆ ಅವನು ರಸ್ತೆಯಲ್ಲಿ ಸ್ಕೂಟಿಯನ್ನೂ ಓಡಿಸುವಂತಿಲ್ಲ. ನಮ್ಮಲ್ಲಿ ಕಾಲೇಜು ಎಂದರೆ ಪಿಯುಸಿಯಿಂದಲೇ ಲೆಕ್ಕ, ಅಂದರೆ 16ನೇ ವಯಸ್ಸಿಗೇ ಗಾಡಿಯ ಬೇಡಿಕೆ ಬರುತ್ತದೆ. 50 ಸಿಸಿ ಮೀರದ ಗಾಡಿಯನ್ನು 16ಕ್ಕೇ ಓಡಿಸಬಹುದು ಎಂದು ಕಾನೂನಿನಲ್ಲಿದೆ, ನಿಜ. ಆದರೆ ಅಂಥ ಪೆಟ್ರೋಲ್ ಗಾಡಿ ಇಂದು ಶೋರೂಮಿನಲ್ಲಿ ಸಿಗುವುದು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ. ಲೈಸೆನ್ಸೂ ನೋಂದಣಿಯೂ ಬೇಡವಾದ ಎಲೆಕ್ಟ್ರಿಕ್ ಸ್ಕೂಟರುಗಳಿವೆ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿನ ಒಳಗೆ ಇರುವವಕ್ಕೆ ಮಾತ್ರ ಈ ರಿಯಾಯಿತಿ. "ಒಂದು ವೈರ್ ತೆಗೆದರೆ 45 ಓಡುತ್ತೆ ಸಾರ್" ಎಂದು ಯಾರಾದರೂ ಆಸೆ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ಆ ವೈರ್ ತೆಗೆದ ಕ್ಷಣದಿಂದ ಅದು ನೋಂದಣಿ, ವಿಮೆ, ಲೈಸೆನ್ಸ್ ಎಲ್ಲ ಬೇಕಾದ ಮೋಟಾರು ವಾಹನ.

2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ಮಾಲೀಕರನ್ನೇ ತಪ್ಪಿತಸ್ಥರೆಂದು ಕಾನೂನು ನೋಡುತ್ತದೆ. 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಆದ್ದರಿಂದ ತುಮಕೂರಿನ ಹುಡುಗ ಇನ್ನು ನಾಲ್ಕು ತಿಂಗಳು ಬಸ್ಸಿನಲ್ಲೇ ಹೋಗಬೇಕು. 18 ತುಂಬಿದ ಮೇಲೆ ಎಲ್‌ಎಲ್‌ಆರ್, ಅದಾಗಿ 30 ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆ. ಸುಲಭವೆಂದು ಸ್ಕೂಟಿಯಲ್ಲಿ ಪರೀಕ್ಷೆ ಕೊಟ್ಟವರಿಗೆ ಗೇರ್ ಇಲ್ಲದ ಗಾಡಿಯ ಲೈಸೆನ್ಸ್ ಅಷ್ಟೇ ಸಿಗುತ್ತದೆ, ಅದನ್ನಿಟ್ಟುಕೊಂಡು ಬೈಕ್ ಓಡಿಸುವಂತಿಲ್ಲ. ಗೇರ್ ಬೈಕಿನಲ್ಲೇ ಪರೀಕ್ಷೆ ಕೊಟ್ಟರೆ ಎರಡಕ್ಕೂ ಆಗುತ್ತದೆ.

ಇನ್ನು ಅಮ್ಮ ಹೇಳಿದ ಸ್ಕೂಟಿ. ಊರೊಳಗೆ ಅದು ಒಳ್ಳೆಯ ಗಾಡಿ. ತೂಕ ನೂರು ಕಿಲೋದ ಆಸುಪಾಸು, ಗೇರಿನ ಗೊಡವೆಯಿಲ್ಲ, ಬ್ಯಾಗಿಗೆ ಜಾಗವಿದೆ. ಆದರೆ ಹೆಚ್ಚಿನ ಸ್ಕೂಟರುಗಳ ಚಕ್ರ 10 ಅಥವಾ 12 ಇಂಚಿನದು, ಬೈಕಿನದು 17 ಅಥವಾ 18. ಬೈಕಿನ ಚಕ್ರ ದಾಟಿಹೋಗುವ ಗುಂಡಿಯಲ್ಲಿ ಸ್ಕೂಟರಿನ ಚಕ್ರ ಇಳಿದು ಮುಗ್ಗರಿಸುತ್ತದೆ, ಅದರಲ್ಲೂ ಮಳೆಗಾಲದಲ್ಲಿ ನೀರು ತುಂಬಿ ಗುಂಡಿಯೇ ಕಾಣದಿರುವಾಗ.

ಅದಕ್ಕಿಂತ ದೊಡ್ಡ ಮಾತು ಬ್ರೇಕಿನದು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಹೊಸ ಗಾಡಿಗಳಿಗೂ ಎಬಿಎಸ್ ಕಡ್ಡಾಯವಾಯಿತು. 125 ಮತ್ತು ಅದರ ಕೆಳಗಿನವಕ್ಕೆ ಸಿಬಿಎಸ್ ಇದ್ದರೂ ಸಾಕು ಎಂದಾಯಿತು. ಸಿಬಿಎಸ್ ಇರುವ ಸ್ಕೂಟರಿನಲ್ಲಿ ಎಡಗೈ ಲಿವರ್ ಒತ್ತಿದರೆ ಹಿಂದಿನ ಬ್ರೇಕಿನ ಜೊತೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಇದು ಉಪಯುಕ್ತವೇ, ಏಕೆಂದರೆ ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಗಾಡಿಯನ್ನು ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲು ಮುಂದಿನ ಬ್ರೇಕಿನದು. ಹೊಸಬರು ಮುಗ್ಗರಿಸುವ ಹೆದರಿಕೆಗೆ ಅದನ್ನು ಮುಟ್ಟುವುದೇ ಇಲ್ಲ. ಆದರೆ ಗಾಬರಿಯಲ್ಲಿ ಲಿವರನ್ನು ಬಿಗಿಯಾಗಿ ಹಿಸುಕಿದಾಗ ಚಕ್ರ ಲಾಕ್ ಆಗುವುದನ್ನು ಸಿಬಿಎಸ್ ತಡೆಯಲಾರದು. ಎಬಿಎಸ್ ತಡೆಯುತ್ತದೆ. ಚಕ್ರದ ಬಳಿ ಇರುವ ಸೆನ್ಸರು ಚಕ್ರ ತಿರುಗುವುದು ನಿಲ್ಲುತ್ತಿದೆ ಎಂದು ಗುರುತಿಸಿ, ಸೆಕೆಂಡಿಗೆ ಹಲವು ಸಲ ಬ್ರೇಕಿನ ಒತ್ತಡವನ್ನು ಬಿಟ್ಟು ಹಿಡಿಯುತ್ತದೆ. ಚಕ್ರ ಉರುಳುತ್ತಲೇ ಇರುವುದರಿಂದ ಮರಳಿನ ಮೇಲೂ ಹ್ಯಾಂಡಲ್ ಸವಾರನ ಮಾತು ಕೇಳುತ್ತದೆ. ಸಿಂಗಲ್ ಚಾನೆಲ್ ಎಂದರೆ ಈ ವ್ಯವಸ್ಥೆ ಮುಂದಿನ ಚಕ್ರಕ್ಕೆ ಮಾತ್ರ. ಡ್ಯುಯಲ್ ಎಂದರೆ ಎರಡಕ್ಕೂ.

ಅಂದರೆ, ಸುರಕ್ಷಿತ ಎಂದು ಅಮ್ಮ ನಂಬಿದ ಚಿಕ್ಕ ಗಾಡಿಯಲ್ಲೇ ಹೆಚ್ಚಿನ ರಕ್ಷಣೆಯ ಬ್ರೇಕ್ ಇಲ್ಲದಿರಬಹುದು. ಹಾಗೆಂದು 200 ಸಿಸಿ ಕೊಡಿಸಿ ಎಂದು ನಾನು ಹೇಳುತ್ತಿಲ್ಲ. ನೂರು ಸಿಸಿ ಬೈಕಿನ ಶಕ್ತಿ ಸುಮಾರು 8 ಅಶ್ವಶಕ್ತಿ, 125ರದ್ದು 11ರ ಆಸುಪಾಸು, ಈ ಹುಡುಗ ಕೇಳುವಂಥ 200 ಸಿಸಿ ಡ್ಯೂಕ್‌ನದ್ದು ಸುಮಾರು 25. ಆಕ್ಸಿಲರೇಟರ್ ಎಷ್ಟು ತಿರುಚಿದರೆ ಎಷ್ಟು ಓಡುತ್ತದೆಂಬ ಅಂದಾಜು ಕೈಗೆ ಬರುವ ಮೊದಲೇ ಗಾಡಿ 60 ದಾಟಿರುತ್ತದೆ. ಗಂಟೆಗೆ 40ರ ವೇಗದಲ್ಲಿ ಹೋಗುವ ಗಾಡಿ ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಎದುರಿಗೆ ಎಮ್ಮೆ ಬಂದದ್ದು ಕಂಡು ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಹಿಡಿದರೆ, ಒಣ ರಸ್ತೆಯಲ್ಲಿ ಹದವಾಗಿ ಬ್ರೇಕ್ ಒತ್ತಿದರೂ ನಿಲ್ಲುವಾಗ ಒಟ್ಟು 23 ಮೀಟರಿನಷ್ಟು ದೂರ ಹೋಗಿರುತ್ತದೆ. 60ರಲ್ಲಿದ್ದರೆ 45 ಮೀಟರಿನಷ್ಟು ಬೇಕು. ವೇಗ ಒಂದೂವರೆ ಪಟ್ಟು ಹೆಚ್ಚಿತು, ದೂರ ಸುಮಾರು ಎರಡು ಪಟ್ಟಾಯಿತು.

ಹಾಗಾಗಿ ಈ ಹುಡುಗನ ದಾರಿಗೆ ಹೊಂದುವುದು ಎಬಿಎಸ್ ಇರುವ 125ರಿಂದ 160 ಸಿಸಿವರೆಗಿನ ಸಾಮಾನ್ಯ ಬೈಕು. 125ರಲ್ಲೇ ಎಬಿಎಸ್ ಕೊಡುವ ಮಾದರಿಗಳೂ ಬಂದಿವೆ. 2024ರಲ್ಲಿ ಬಂದ ಹೀರೋ ಎಕ್ಸ್‌ಟ್ರೀಮ್ 125ಆರ್ ಅಂಥದ್ದೊಂದು. ಅದೇ ಗಾಡಿ ಎಬಿಎಸ್ ಇಲ್ಲದೆಯೂ ಬರುವುದರಿಂದ, ಕೊಟೇಶನ್ನಿನಲ್ಲಿ ಯಾವ ವೇರಿಯಂಟ್ ಬರೆದಿದ್ದಾರೆಂದು ಓದಿ ನೋಡಬೇಕು. ಕೆಲವು ಸಾವಿರ ರೂಪಾಯಿಯ ಈ ವ್ಯತ್ಯಾಸದಲ್ಲಿ ಚೌಕಾಸಿ ಬೇಡ. ನೋಟಕ್ಕೂ ಅದು ಸ್ಪೋರ್ಟ್ಸ್ ಬೈಕಿನಂತಿದೆ, ಹುಡುಗನಿಗೆ ಅದೂ ಮುಖ್ಯವೇ. ಬಣ್ಣ, ಕಂಪನಿ, ರೂಪ ಪೂರ್ತಿ ಅವನ ಆಯ್ಕೆಯಾಗಲಿ. ಮನೆಯವರು ಪಟ್ಟು ಹಿಡಿಯಬೇಕಾದದ್ದು ಬ್ರೇಕ್, ಹೆಲ್ಮೆಟ್ ಮತ್ತು ಕಾಗದಪತ್ರದ ವಿಷಯದಲ್ಲಿ. ಇಷ್ಟವಿಲ್ಲದ ಗಾಡಿಯನ್ನು ಬಲವಂತವಾಗಿ ಕೊಡಿಸಿದರೆ ಅದು ಕಾಲೇಜಿನ ಸ್ಟ್ಯಾಂಡಿನಲ್ಲಿ ನಿಂತಿರುತ್ತದೆ, ಅವನು ಗೆಳೆಯನ ಬೈಕ್ ಕೇಳಿ ಓಡಿಸುತ್ತಿರುತ್ತಾನೆ.

ಶೋರೂಮಿಗೆ ಅವನನ್ನೇ ಕರೆದುಕೊಂಡು ಹೋಗಿ ಕೂರಿಸಿ ನೋಡಬೇಕು. ದಿನವೂ ತೊಡುವ ಚಪ್ಪಲಿ ಅಥವಾ ಶೂ ಇರಲಿ. ಎರಡೂ ಪಾದಗಳ ಮುಂಭಾಗವಾದರೂ ಒಟ್ಟಿಗೆ ನೆಲಕ್ಕೆ ತಾಗಬೇಕು. ಸ್ಕೂಟರುಗಳ ಸೀಟು ನೆಲದಿಂದ ಸುಮಾರು 765 ಮಿಲಿಮೀಟರ್ ಎತ್ತರ, ಸ್ಪ್ಲೆಂಡರ್‌ನದು 785, ಕೆಲವು ಸ್ಪೋರ್ಟ್ಸ್ ಬೈಕುಗಳದು 815 ದಾಟುತ್ತದೆ. ಐದಡಿ ಎತ್ತರದ ಹುಡುಗಿಗೆ ಈ ಎರಡು ಇಂಚು ದೊಡ್ಡ ವ್ಯತ್ಯಾಸ. ನಂತರ ಎಂಜಿನ್ ಆಫ್ ಮಾಡಿ, ಗಾಡಿಯನ್ನು ಹತ್ತಡಿ ಹಿಂದಕ್ಕೆ ತಳ್ಳಿ, ತಿರುಗಿಸಿ, ಸ್ಟ್ಯಾಂಡ್ ಹಾಕಲು ಹೇಳಿ. 195 ಕಿಲೋದ ಕ್ಲಾಸಿಕ್ 350 ಓಡುವಾಗ ಗಂಭೀರವಾಗಿ ಓಡುತ್ತದೆ. ಇಳಿಜಾರಿನ ಪಾರ್ಕಿಂಗ್‌ನಲ್ಲಿ ಒಂದು ಕಡೆ ವಾಲಿದರೆ 50 ಕಿಲೋದ ಹುಡುಗನಿಗೆ ಅದನ್ನು ತಡೆಯಲಾಗದು. ಹೊಸಬರು ನಿಂತ ಗಾಡಿಯಿಂದಲೂ ಬೀಳುತ್ತಾರೆ.

ಇನ್ನು, ಆರ್‌ಸಿಯಲ್ಲಿ ಹೆಸರು. ಸಾಲ ಅಪ್ಪನದು, ಆದ್ದರಿಂದ ಗಾಡಿಯೂ ಅಪ್ಪನ ಹೆಸರಿಗೆ ಎಂಬುದು ರೂಢಿ. ಗಾಡಿಯ ವಿಮೆಯಲ್ಲಿ ಮಾಲೀಕ-ಚಾಲಕರಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇರುತ್ತದೆ. ಅದು ಯಾರ ಹೆಸರಿನಲ್ಲಿ ಆರ್‌ಸಿ ಇದೆಯೋ, ಯಾರ ಬಳಿ ಲೈಸೆನ್ಸ್ ಇದೆಯೋ ಅವರಿಗೆ ಮಾತ್ರ. ಅಪ್ಪನ ಹೆಸರಿನ ಗಾಡಿಯನ್ನು ಮಗ ಓಡಿಸಿಕೊಂಡು ಹೋಗಿ ತಾನಾಗಿಯೇ ಸ್ಕಿಡ್ ಆಗಿ ಬಿದ್ದರೆ ಆ 15 ಲಕ್ಷ ಅವನಿಗೆ ಅನ್ವಯಿಸುವುದಿಲ್ಲ. ಥರ್ಡ್ ಪಾರ್ಟಿ ವಿಮೆ ಇರುವುದು ಹೊರಗಿನವರಿಗಾದ ಹಾನಿಗೆ.

ಇದು ಕಾಗದದ ಮೇಲಿನ ಸೂಕ್ಷ್ಮವಷ್ಟೇ ಅಲ್ಲ ಎಂಬುದಕ್ಕೆ ನಮ್ಮ ಉತ್ತರ ಕರ್ನಾಟಕದ್ದೇ ಒಂದು ಪ್ರಕರಣವಿದೆ. ಇಳಕಲ್‌ನಿಂದ ತನ್ನೂರಿಗೆ ಬೇರೊಬ್ಬರ ಬೈಕಿನಲ್ಲಿ ಹೊರಟಿದ್ದ ವ್ಯಕ್ತಿ, ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿ ಥಟ್ಟನೆ ನಿಂತಾಗ ಅದಕ್ಕೆ ಡಿಕ್ಕಿ ಹೊಡೆದು ತೀರಿಕೊಂಡರು. ತಪ್ಪು ಯಾರದೆಂದು ತೋರಿಸಬೇಕಿಲ್ಲದ ಕಲಮಿನಡಿ ಹೆಂಡತಿ ಪರಿಹಾರ ಕೇಳಿದರು. ಗಾಡಿ ಎರವಲು ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಆದ್ದರಿಂದ ಆ ಕಲಮಿನಡಿ ಬೈಕಿನ ವಿಮಾ ಕಂಪನಿಯಿಂದ ಪರಿಹಾರ ಸಿಗದು ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಗೆಳೆಯನ ಬೈಕು, ಅಪ್ಪನ ಬೈಕು, ಎರಡಕ್ಕೂ ಈ ಮಾತು ನೆನಪಿರಲಿ.

18 ತುಂಬಿದವರ ಹೆಸರಿನಲ್ಲೇ ಗಾಡಿ ನೋಂದಾಯಿಸಬಹುದು, ನನ್ನ ಮಟ್ಟಿಗೆ ಅದೇ ಸರಿ. ಸಾಲದ ಕಾರಣಕ್ಕೆ ಅಪ್ಪನ ಹೆಸರೇ ಇರಬೇಕಾದರೆ, ಮಗನ ಹೆಸರಿನಲ್ಲಿ ಪ್ರತ್ಯೇಕ ಅಪಘಾತ ವಿಮೆ ಮಾಡಿಸಿ.

ಹೆಲ್ಮೆಟ್‌ಗೆ ಐಎಸ್‌ಐ ಗುರುತು ಇರಲೇಬೇಕು, ಗಲ್ಲವನ್ನೂ ಮುಚ್ಚುವ ಫುಲ್ ಫೇಸ್ ಆಗಿರಬೇಕು. ಹುಬ್ಬಿನ ಮೇಲಿಂದ ಟೇಪು ಸುತ್ತಿ ತಲೆಯ ಅಳತೆ ತೆಗೆದು, ಅದಕ್ಕೆ ಸರಿಯಾದ ಸೈಜು ಕೊಳ್ಳಿ. ಪಟ್ಟಿ ಬಿಗಿದು, ಹಿಂಬದಿಯಿಂದ ಮುಂದಕ್ಕೆ ಎತ್ತಿದರೆ ಕಳಚಿಕೊಂಡು ಬರಬಾರದು. ಎರಡು ಹೆಲ್ಮೆಟ್ ಬೇಕು, ಹಿಂದೆ ಕೂರುವವರಿಗೂ ಅದು ಕಡ್ಡಾಯ. ಗಾಡಿ ಬಂದ ಮೊದಲ ಕೆಲವು ಭಾನುವಾರ ಬೆಳಿಗ್ಗೆ ಖಾಲಿ ಮೈದಾನದಲ್ಲಿ 30ರ ವೇಗದಿಂದ ಎರಡೂ ಬ್ರೇಕ್ ಒತ್ತಿ ನಿಲ್ಲಿಸುವ ಅಭ್ಯಾಸ ಮಾಡಿಸಿ. ಎಬಿಎಸ್ ಕೆಲಸ ಮಾಡುವಾಗ ಲಿವರ್ ಬೆರಳಿನ ಕೆಳಗೆ ಅದುರುತ್ತದೆ. ಅದು ಗೊತ್ತಿಲ್ಲದವರು ಗಾಬರಿಯಾಗಿ ಬ್ರೇಕ್ ಸಡಿಲಿಸಿಬಿಡುತ್ತಾರೆ. ಅದುರಿದರೂ ಹಿಡಿದೇ ಇರಬೇಕು ಎಂಬುದನ್ನು ಅವನ ಕೈ ಮೈದಾನದಲ್ಲೇ ಕಲಿಯಲಿ.

ಆರ್‌ಸಿ ಅವನ ಹೆಸರಿಗೆ ಬಂದ ದಿನ ಇನ್ನೊಂದು ವಿಷಯವನ್ನು ಅವನಿಗೆ ಬಿಡಿಸಿ ಹೇಳಬೇಕು. ಈಗ ಮಾಲೀಕ ಅವನು. ತರಗತಿಯಲ್ಲಿ ಇನ್ನೂ 18 ತುಂಬದ ಗೆಳೆಯರಿರುತ್ತಾರೆ. "ಒಂದು ರೌಂಡ್ ಕೊಡೋ" ಎಂದು ಕೇಳಿದವನಿಗೆ ಕೀ ಕೊಟ್ಟು ಏನಾದರೂ ಆದರೆ, 25,000 ರೂಪಾಯಿ ದಂಡ ಮತ್ತು ಜೈಲಿನ ಆ ಕಲಮು ಅವನ ಮೇಲೂ ಬರುತ್ತದೆ.