ಕಿವಿಯಲ್ಲಿ ಗುಂಯ್ ಅಂದರೆ ಅವತ್ತೇ ಹೇಳಿ

ನೆರೆಮನೆಯ ಕಾಕನಿಗೆ ಮೂತ್ರದ ಸೋಂಕು ಜೋರಾಗಿ ಆಸ್ಪತ್ರೆಯಲ್ಲಿ ಅಮಿಕಾಸಿನ್ ಇಂಜೆಕ್ಷನ್ ಕೊಡುತ್ತಿದ್ದರು. ಐದನೇ ದಿನ "ಕಿವಿಯಲ್ಲಿ ಗುಂಯ್ ಅಂತದೆ ಮೋನೆ" ಅಂದರು. ಮನೆಯವರು ನಿಶ್ಶಕ್ತಿ ಅಂದುಕೊಂಡರು. ಮಗಳು ಮಾತ್ರ ಡಾಕ್ಟರಿಗೆ ಹೇಳಿದಳು. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿತ್ತು. ಔಷಧಿ ಬದಲಾಯಿಸಿದರು.

ಅಮಿಕಾಸಿನ್, ಜೆಂಟಾಮೈಸಿನ್ ಮೈಯಿಂದ ಹೊರಹೋಗುವುದು ಕಿಡ್ನಿಯ ಮೂಲಕ. ಕಿಡ್ನಿ ನಿಧಾನವಾದರೆ ಔಷಧಿ ಒಳಗೇ ಉಳಿದು ಒಳಕಿವಿಯ ಸೂಕ್ಷ್ಮ ಜೀವಕೋಶಗಳನ್ನು ಕೊಲ್ಲಬಹುದು. ಸತ್ತವು ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಕೀರಲು, ತೆಳು ಸದ್ದು. ಮಾತು ಕೇಳುತ್ತಲೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ, ಅದೇ ಕಷ್ಟ.

ಆದ್ದರಿಂದ ಇಂಜೆಕ್ಷನ್ ಶುರುವಾಗುವ ಮೊದಲೇ ಹೇಳಿಬಿಡಿ: ಕಿಡ್ನಿ ತೊಂದರೆ ಉಂಟಾ, ನೀರು ಇಳಿಸುವ ಫ್ಯೂರೋಸಮೈಡ್ ಮಾತ್ರೆ ತಿನ್ನುತ್ತೀರಾ, ಉಮ್ಮನ ಕಡೆಯವರಲ್ಲಿ ಯಾರಿಗಾದರೂ ಇಂತಹ ಇಂಜೆಕ್ಷನ್ ಆದ ಮೇಲೆ ಕಿವಿ ಮಂದವಾಗಿತ್ತಾ. ಈ ದೋಷ ತಾಯಿಯಿಂದ ಮಕ್ಕಳಿಗೆ ಬರುವುದುಂಟು.

ಗುಂಯ್ ಸದ್ದು, ಕೇಳುವುದು ಕಡಿಮೆ, ನಡೆಯುವಾಗ ವಾಲುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ತಿಳಿಸಿ. ನೀವಾಗಿ ಔಷಧಿ ನಿಲ್ಲಿಸಬೇಡಿ, ಸೋಂಕು ಏರಿದರೆ ಜೀವಕ್ಕೇ ಅಪಾಯ. ಇಂಜೆಕ್ಷನ್ ಮುಗಿದು ಕೆಲವು ವಾರ ಕಳೆದ ಮೇಲೂ ಕಿವಿ ಮಂದವಾಗಬಹುದು. ಹಾಗಾಗಿ ಕಾಕನಿಗೆ ಡಿಸ್ಚಾರ್ಜ್ ಆದ ಮೇಲೂ ಕಿವಿ ಪರೀಕ್ಷೆಗೆ ಮತ್ತೆ ಬರಲು ಹೇಳಿದ್ದಾರೆ.