ವಿದೇಶೀ ವಿನಿಮಯದಲ್ಲಿ ‘ಸ್ಪಾಟ್’ ದಿನದ ಎಣಿಕೆ

‘ಸ್ಪಾಟ್’ ಎಂಬ ಪದವನ್ನು ಕೇಳಿದ ಕನ್ನಡಿಗನಿಗೆ ‘ನಿಂತ ನಿಲುವಿನಲ್ಲೇ’ ಎಂಬ ಅರ್ಥ ಹೊಳೆಯುವುದು ಸಹಜ. ಆದರೆ ಡಾಲರು-ರೂಪಾಯಿ ವ್ಯವಹಾರದಲ್ಲಿ ಸ್ಪಾಟ್ ದರವೆಂದರೆ ಒಪ್ಪಂದವಾದ ದಿನವನ್ನು ಬಿಟ್ಟು ಎರಡನೆಯ ಕೆಲಸದ ದಿನ ಹಣ ಕೈ ಬದಲಾಯಿಸುವ ದರ. ಅದೇ ದಿನ ಹಣ ಸಲ್ಲುವುದಕ್ಕೆ ‘ಕ್ಯಾಶ್’ ಎಂದೂ ಮರುದಿನ ಸಲ್ಲುವುದಕ್ಕೆ ‘ಟಾಮ್’ ಎಂದೂ ಪೇಟೆಯ ಭಾಷೆಯಲ್ಲಿ ಬೇರೆ ಹೆಸರುಗಳಿವೆ.

ಇಲ್ಲಿ ‘ಕೆಲಸದ ದಿನ’ ಎಂಬುದು ಯಾವ ಊರಿನದು ಎಂಬ ಪ್ರಶ್ನೆಯೇ ಮುಖ್ಯವಾದುದು. ಒಪ್ಪಂದ ದೆಹಲಿಯಲ್ಲಿ ನಡೆದರೂ ರೂಪಾಯಿಯ ಲೆಕ್ಕ ಚುಕ್ತಾ ಆಗುವುದು ಮುಂಬಯಿಯಲ್ಲಿ, ಡಾಲರಿನದು ನ್ಯೂಯಾರ್ಕಿನಲ್ಲಿ. ಆದುದರಿಂದ ಹಣ ಸಲ್ಲುವ ದಿನ ಈ ಎರಡು ನಗರಗಳೂ ತೆರೆದಿರಬೇಕು. ದೆಹಲಿಯ ರಜೆ ಲೆಕ್ಕಕ್ಕಿಲ್ಲ. 2023ರ ನವೆಂಬರ್ 1ರಂದು ರಾಜ್ಯೋತ್ಸವಕ್ಕಾಗಿ ಬೆಂಗಳೂರಿನ ಬ್ಯಾಂಕುಗಳು ಮುಚ್ಚಿದ್ದರೂ ರೂಪಾಯಿಯ ಪೇಟೆ ಎಂದಿನಂತೆ ನಡೆದುದು ಇದೇ ಕಾರಣದಿಂದ.

ನೋಯ್ಡಾದ ಸಿದ್ಧ ಉಡುಪಿನ ರಫ್ತುದಾರನೊಬ್ಬನು 2025ರ ಏಪ್ರಿಲ್ 29, ಮಂಗಳವಾರ, ಡಾಲರುಗಳನ್ನು ಸ್ಪಾಟ್ ದರದಲ್ಲಿ ಮಾರಿದನೆಂದು ಭಾವಿಸಬಹುದು. ಎಣಿಕೆಯಂತೆ ಗುರುವಾರ, ಮೇ 1ರಂದು ರೂಪಾಯಿ ಬರಬೇಕು. ಅಂದು ದೆಹಲಿಯ ಬ್ಯಾಂಕುಗಳು ತೆರೆದಿದ್ದವು. ಆದರೆ ಮಹಾರಾಷ್ಟ್ರ ದಿನವಾದ್ದರಿಂದ ಮುಂಬಯಿ ಮುಚ್ಚಿತ್ತು. ಹಣ ಶುಕ್ರವಾರ, ಮೇ 2ಕ್ಕೆ ಸರಿಯುತ್ತದೆ. ಅವನು ಒಂದೇ ದಿನ ತಡೆದು ಬುಧವಾರ ಮಾರಿದ್ದರೆ, ಗುರುವಾರವನ್ನು ಬಿಟ್ಟು ಶುಕ್ರವಾರ ಮೊದಲನೆಯ ದಿನವಾಗಿ, ಶನಿ-ಭಾನುವಾರಗಳು ಕಳೆದು, ಸೋಮವಾರ, ಮೇ 5ರಂದು ಹಣ ಸಿಗುತ್ತಿತ್ತು. ಮೇ 1ಕ್ಕೆ ಕೂಲಿ ಬಟವಾಡೆ ಮಾಡಬೇಕಾದವನಿಗೆ ಈ ಅಂತರ ಸಣ್ಣದಲ್ಲ. ಅಂಥವನು ಏಪ್ರಿಲ್ 30ಕ್ಕೆ ಹಣ ಸಲ್ಲುವಂತೆ ‘ಟಾಮ್’ ಮಾರಾಟ ಕೇಳಬೇಕು. ರೂಪಾಯಿಯ ಬಡ್ಡಿ ಡಾಲರಿನ ಬಡ್ಡಿಗಿಂತ ಹೆಚ್ಚಾಗಿರುವವರೆಗೆ, ಮುಂಚಿತವಾಗಿ ಪಡೆಯುವ ಆ ದಿನಗಳಿಗಾಗಿ ಬ್ಯಾಂಕು ಡಾಲರಿಗೆ ಕೆಲವು ಪೈಸೆ ಕಡಿಮೆ ದರ ಕೊಡುತ್ತದೆ.

ಅಮೆರಿಕದ ರಜೆಯ ರೀತಿ ತುಸು ಬೇರೆ. ಅದು ನಡುವಿನ ದಿನ ಬಿದ್ದರೆ ಸಾಮಾನ್ಯ ರೂಢಿಯಂತೆ ಎಣಿಕೆ ಕೆಡುವುದಿಲ್ಲ, ಸಲ್ಲಿಕೆಯ ದಿನವೇ ಬಿದ್ದರೆ ಮಾತ್ರ ಹಣ ಮುಂದೆ ಹೋಗುತ್ತದೆ. 2024ರ ನವೆಂಬರ್ 28, ಗುರುವಾರ, ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. 26ರ ಒಪ್ಪಂದಕ್ಕೆ ಸಲ್ಲಿಕೆ 28ರಿಂದ 29ಕ್ಕೆ ಸರಿಯಿತು. 27ರ ಒಪ್ಪಂದಕ್ಕೆ ಹಬ್ಬದ ದಿನ ಮೊದಲನೆಯದಾಗಿ ಎಣಿಕೆಗೆ ಬಂದು ಅದೂ 29ಕ್ಕೇ ನಿಂತಿತು. ಎರಡು ದಿನಗಳ ವ್ಯಾಪಾರ ಒಂದೇ ದಿನ ಚುಕ್ತಾ ಆದುದನ್ನು ಕಂಡ ಹೊಸ ಗುಮಾಸ್ತನು ಲೆಕ್ಕ ತಪ್ಪಿತೆಂದು ಬೆದರುವುದುಂಟು. ಅವನು ಒಪ್ಪಂದದ ಚೀಟಿಯಲ್ಲಿ ನೋಡಬೇಕಾದುದು ವ್ಯಾಪಾರದ ದಿನಾಂಕವನ್ನಲ್ಲ, ಅದರ ಜೊತೆಗೆ ನಮೂದಾಗಿರುವ ಸಲ್ಲಿಕೆಯ ದಿನಾಂಕವನ್ನು.